ಬಾಡಿಗೆ ಕೊಟ್ಟದ್ದಕ್ಕೆ ಒಂದು ರಸೀದಿ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಫೈಲ್ ಇದೆ. ಅದರಲ್ಲಿ ಬೆಸ್ಕಾಂ ಬಿಲ್ಲುಗಳಿವೆ, ಮಗಳ ಶಾಲಾ ಶುಲ್ಕದ ರಸೀದಿಗಳಿವೆ, ಯಾವಾಗಲೋ ಕೊಂಡ ಮಿಕ್ಸಿಯ ವಾರಂಟಿ ಕಾರ್ಡ್ ಕೂಡ ಇದೆ. ಆದರೆ ತಿಂಗಳ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದಾದ ಬಾಡಿಗೆಗೆ ಮಾತ್ರ ಬಹಳ ಕಾಲ ಅದರಲ್ಲಿ ಒಂದು ಚೀಟಿಯೂ ಇರಲಿಲ್ಲ. ತಿಂಗಳ ಮೊದಲ ವಾರದಲ್ಲಿ ಎಟಿಎಂನಿಂದ ಹಣ ತರುವುದು, ಕೆಳಗಿನ ಮನೆಗೆ ಹೋಗಿ ಮನೆಯೊಡತಿಯ ಕೈಗೆ ಕೊಡುವುದು, ಅವರು ಎಣಿಸಿ ‘ಸರಿ ಇದೆ’ ಎನ್ನುವುದು, ಅಲ್ಲಿಗೆ ಆ ತಿಂಗಳ ವ್ಯವಹಾರ ಮುಗಿಯುತ್ತಿತ್ತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಮಾಲೀಕರು ಕೆಳಗೂ ಬಾಡಿಗೆದಾರರು ಮೇಲೂ ಇರುವ ಮನೆಗಳಲ್ಲಿ, ಈಗಲೂ ಎಷ್ಟೋ ಬಾಡಿಗೆ ಹೀಗೆಯೇ ಕೈಯಿಂದ ಕೈಗೆ ಹೋಗುತ್ತದೆ.

ನಮ್ಮ ಮನೆಯೊಡತಿ ಎಪ್ಪತ್ತು ದಾಟಿದವರು. ಪತಿ ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡಿದ್ದಾರೆ; ಇವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಹಬ್ಬಕ್ಕೆ ಒಬ್ಬಟ್ಟು ಕಳಿಸುವ, ಮಗಳಿಗೆ ಜ್ವರ ಬಂದರೆ ಮೇಲೆ ಬಂದು ವಿಚಾರಿಸುವ ಹಿರಿಯರ ಮುಂದೆ ನಿಂತು ‘ಕೊಟ್ಟ ಹಣಕ್ಕೆ ಸಹಿ ಹಾಕಿಕೊಡಿ’ ಎಂದು ಕೇಳುವುದು ಹೇಗೆ ಎಂಬ ಸಂಕೋಚ ನನ್ನನ್ನು ಬಹಳ ದಿನ ಕಟ್ಟಿಹಾಕಿತ್ತು. ಕೇಳಲೇಬೇಕು ಎನಿಸಿದ್ದು ಮೈಸೂರಿನಲ್ಲಿರುವ ಅಕ್ಕನ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ.

ಅಕ್ಕನ ಡೈರಿ

ಅಕ್ಕ ಮತ್ತು ಭಾವ ಬಾಡಿಗೆಗಿದ್ದ ಮನೆಯ ಮಾಲೀಕರು ಒಂದು ದಿನ ಹೃದಯಾಘಾತದಿಂದ ತೀರಿಕೊಂಡರು. ಹೊರ ರಾಜ್ಯದಲ್ಲಿದ್ದ ಮಗ ಬಂದು ಕಾರ್ಯಗಳನ್ನೆಲ್ಲ ಮುಗಿಸಿದ ಬಳಿಕ ತಂದೆಯ ಕಾಗದಪತ್ರಗಳನ್ನು ನೋಡತೊಡಗಿದರು. ಮನೆಯನ್ನು ಮಾರುವ ಯೋಚನೆಯಿದ್ದುದರಿಂದ ಅಕ್ಕನವರು ಖಾಲಿ ಮಾಡಬೇಕಾಯಿತು. ಮುಂಗಡವಾಗಿ ಕೊಟ್ಟಿದ್ದ 80,000 ರೂಪಾಯಿ ವಾಪಸ್ ಕೇಳಿದಾಗ ಆತ ತಂದೆಯ ಲೆಕ್ಕದ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು. ತಿಂಗಳಿಗೆ 9,000ದಂತೆ ಬಾಡಿಗೆ ಬಂದದ್ದನ್ನು ಹಿರಿಯರು ಅಚ್ಚುಕಟ್ಟಾಗಿ ಬರೆದಿದ್ದರು. ಆದರೆ ಕೊನೆಯ ನಾಲ್ಕು ತಿಂಗಳ ಸಾಲುಗಳು ಖಾಲಿಯಿದ್ದವು. ಕಣ್ಣಿನ ಪೊರೆಯ ತೊಂದರೆಯಿಂದ ಅವರು ಆ ದಿನಗಳಲ್ಲಿ ಬರೆಯುವುದನ್ನೇ ಬಿಟ್ಟಿದ್ದರಂತೆ. ಅಕ್ಕ ತನ್ನ ಡೈರಿಯನ್ನು ತಂದಳು. ಅದರಲ್ಲಿ ನಾಲ್ಕೂ ತಿಂಗಳ ತಾರೀಕು, ಮೊತ್ತ ಎಲ್ಲವೂ ಇತ್ತು. ಆ ಯುವಕ ಅದನ್ನು ಪೂರ್ತಿ ಓದಿ, ‘ಅಕ್ಕಾ, ಇದು ನೀವೇ ಬರೆದದ್ದಲ್ವಾ?’ ಎಂದು ಮೆಲ್ಲಗೆ ಕೇಳಿದರು. ಅದಕ್ಕೆ ಅಕ್ಕನ ಬಳಿ ಉತ್ತರವಿರಲಿಲ್ಲ. ಮುಂಗಡದಲ್ಲಿ 36,000 ಹಿಡಿದುಕೊಂಡು 44,000 ಕೊಟ್ಟರು. ಆ ಮೊತ್ತಕ್ಕಾಗಿ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯುವುದು ಬೇಡವೆಂದು ಭಾವ ಅಷ್ಟಕ್ಕೇ ಸುಮ್ಮನಾದರು.

ಆ ಮಗನನ್ನು ಮೋಸಗಾರ ಎನ್ನಲು ನನಗೆ ಮನಸ್ಸು ಬಾರದು. ಆತನ ಎದುರಿಗಿದ್ದದ್ದು ತಂದೆಯ ಕೈಬರಹದ ಪುಸ್ತಕ ಮತ್ತು ಅಪರಿಚಿತರೊಬ್ಬರ ಡೈರಿ. ಯಾವುದನ್ನು ನಂಬಬೇಕೆಂದು ಆತ ನಿರ್ಧರಿಸಿದ್ದು ಸಹಜವೇ ಆಗಿತ್ತು. ಕಾನೂನಿನ ದೃಷ್ಟಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಬಾಡಿಗೆ ಕರಾರು ಇದೆ, ನೀವು ಆ ಮನೆಯಲ್ಲಿ ವಾಸವಿದ್ದೀರಿ ಎಂದಮೇಲೆ, ‘ಹಣ ಕೊಟ್ಟಿದ್ದೇನೆ’ ಎಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು. ಬಾಕಿ ಬಾಡಿಗೆಯ ವಸೂಲಿಗೆ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷಗಳ ಅವಕಾಶವಿದೆ. ಅಂದರೆ ಇಂದು ಕೊಟ್ಟ ಬಾಡಿಗೆಯ ಬಗ್ಗೆ ಪ್ರಶ್ನೆ ಇಂದೇ ಏಳಬೇಕೆಂದಿಲ್ಲ. ಕೊಟ್ಟವರಿಗೂ ಪಡೆದವರಿಗೂ ನೆನಪು ಮಾಸಿದ ಮೇಲೂ ಏಳಬಹುದು, ಪಡೆದವರು ಇಲ್ಲದೇ ಹೋದ ಮೇಲೂ ಏಳಬಹುದು. ನಾನು ನಮ್ಮ ಮನೆಯೊಡತಿಯನ್ನು ನಂಬುತ್ತೇನೆ, ಅವರೂ ನನ್ನನ್ನು ನಂಬುತ್ತಾರೆ. ಆದರೆ ಈ ನಂಬಿಕೆಯನ್ನು ಅವರ ಮಕ್ಕಳಿಗಾಗಲಿ ನನ್ನ ಹೆಂಡತಿಗಾಗಲಿ ದಾಟಿಸಲು ಬರುವುದಿಲ್ಲ. ದಾಟಿಸಲು ಬರುವುದು ಸಹಿಯಿರುವ ಕಾಗದವನ್ನು ಮಾತ್ರ.

ಎರಡು ಕೋರಿಕೆಗಳನ್ನು ಬೇರೆಯಾಗಿಡುವುದು

ಮಾತಿಗೆ ಹೋಗುವ ಮೊದಲು ನಾನು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಂಡೆ. ಈವರೆಗೆ ನಗದಾಗಿ ಕೊಟ್ಟ ಬಾಡಿಗೆಗೆ ಸಹಿ ಮಾಡಿದ ಸ್ವೀಕೃತಿ ಬೇಕು ಎಂಬುದು ಒಂದು ಕೋರಿಕೆ. ಇನ್ನು ಮುಂದೆ ಬ್ಯಾಂಕಿನ ಮೂಲಕ ಕೊಡುತ್ತೇನೆ ಎಂಬುದು ಇನ್ನೊಂದು. ಸಾಮಾನ್ಯವಾಗಿ ನಾವು ಇವೆರಡನ್ನೂ ಬೆರೆಸಿ, ‘ಇನ್ಮೇಲೆ ಗೂಗಲ್ ಪೇ ಮಾಡ್ತೀನಿ ಬಿಡಿ’ ಎಂದು ಹೇಳಿ ಹಿಂದಿನದನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಹಾಗೆ ಮಾಡಿದರೆ ಒಂದು ವಿಚಿತ್ರ ಪರಿಸ್ಥಿತಿ ಉಂಟಾಗುತ್ತದೆ. ಅಕ್ಟೋಬರಿನಿಂದ ಪ್ರತಿ ತಿಂಗಳೂ ಬ್ಯಾಂಕಿನಲ್ಲಿ ದಾಖಲೆ ಇರುತ್ತದೆ, ಅದಕ್ಕೂ ಹಿಂದಿನ ಎರಡೂವರೆ ವರ್ಷಕ್ಕೆ ಏನೂ ಇರುವುದಿಲ್ಲ. ನೋಡುವವರಿಗೆ ಬಾಡಿಗೆ ಕೊಡಲು ಶುರುಮಾಡಿದ್ದೇ ಅಕ್ಟೋಬರಿನಿಂದ ಎಂಬಂತೆ ಕಾಣುತ್ತದೆ. ಇದಕ್ಕೆ ಇನ್ನೊಂದು ತೊಡಕೂ ಇದೆ. 1872ರ ಕರಾರು ಕಾಯ್ದೆಯ ಪ್ರಕಾರ, ಹಣ ಕೊಡುವವನು ಅದು ಯಾವ ಬಾಕಿಗೆ ಎಂದು ತಿಳಿಸಿದ್ದರೆ, ಅಥವಾ ಸಂದರ್ಭದಿಂದಲೇ ಅದು ತಿಳಿಯುವಂತಿದ್ದರೆ, ಅದನ್ನು ಆ ಬಾಕಿಗೇ ಜಮಾ ಮಾಡಿಕೊಳ್ಳಬೇಕು. ಹಾಗೆ ತಿಳಿಯದಿದ್ದರೆ, ಪಡೆದವರು ತಮಗೆ ನಿಜವಾಗಿ ಬರಬೇಕಾದ ಯಾವ ಬಾಕಿಗೆ ಬೇಕಾದರೂ ಜಮಾ ಮಾಡಿಕೊಳ್ಳಬಹುದು. ಹಿಂದಿನ ತಿಂಗಳುಗಳ ಲೆಕ್ಕ ಮುಚ್ಚದೆ, ವಿವರ ಬರೆಯದೆ ಕಳಿಸಿದ ಅಕ್ಟೋಬರಿನ ಹಣವನ್ನು ಹಿಂದಿನ ಯಾವುದೋ ತಿಂಗಳ ಬಾಕಿಗೆ ಹಿಡಿದುಕೊಂಡೆವು ಎಂಬ ವಾದಕ್ಕೆ ದಾರಿ ತೆರೆದಿರುತ್ತದೆ.

ಆದ್ದರಿಂದ ಮೊದಲು ಸ್ವೀಕೃತಿ, ಆಮೇಲೆ ಬ್ಯಾಂಕು. ಇವೆರಡರ ತೂಕವೂ ಒಂದೇ ಅಲ್ಲವೆಂದು ನನ್ನ ಅಭಿಪ್ರಾಯ. ಕೊಟ್ಟ ಹಣಕ್ಕೆ ರಸೀದಿ ಕೇಳುವುದು ನ್ಯಾಯವಾದದ್ದು, ಅದರಲ್ಲಿ ಹಿಂದೆ ಸರಿಯಬೇಕಾಗಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ರಸೀದಿ ಪಡೆಯುವುದನ್ನು ಬಾಡಿಗೆದಾರನ ಹಕ್ಕೆಂದು ಒಪ್ಪುತ್ತದೆ. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲವಾದ್ದರಿಂದ, ಇಂದಿನ ಬಹುಪಾಲು ಬಾಡಿಗೆದಾರರಿಗೆ ಆಸರೆಯಾಗುವುದು ತಮ್ಮ ಕರಾರುಪತ್ರದಲ್ಲಿ ಬರೆದುಕೊಂಡ ಮಾತು ಮತ್ತು ಕೈಯಲ್ಲಿರುವ ಕಾಗದ ಮಾತ್ರ. ಬ್ಯಾಂಕ್ ವರ್ಗಾವಣೆ ಹಾಗಲ್ಲ. ಅದು ಒಂದು ಸಲಹೆ. ಮಾಲೀಕರಿಗೆ ಅದರಿಂದ ತೊಂದರೆಯಿದ್ದರೆ ಬೇರೆ ದಾರಿ ಹುಡುಕಬೇಕು.

ಕ್ಯಾಲೆಂಡರಿನ ಹಾಳೆಗಳು

ಸೆಪ್ಟೆಂಬರಿನ ಬಾಡಿಗೆ ಕೊಡಲು ಹೋದಾಗ ಮಾತು ತೆಗೆದೆ. ‘ಅಮ್ಮಾ, ಇಷ್ಟು ದಿನ ಕೊಟ್ಟ ಬಾಡಿಗೆಗೆಲ್ಲ ಸೇರಿಸಿ ಒಂದು ಪತ್ರ ಬರೆದು ತರ್ತೀನಿ, ನೀವು ನೋಡಿ ಸಹಿ ಮಾಡ್ಬೇಕು’ ಎಂದೆ. ಅವರು ಕೈಯಲ್ಲಿದ್ದ ನೋಟುಗಳನ್ನು ಎಣಿಸುವುದನ್ನು ನಿಲ್ಲಿಸಿ, ‘ಯಾಕಪ್ಪಾ, ನಾನೇನಾದ್ರೂ ಕೊಟ್ಟಿಲ್ಲ ಅಂತ ಹೇಳಿದೀನಾ?’ ಎಂದರು. ಆ ಪ್ರಶ್ನೆಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ನಾನು ಅಕ್ಕನ ಮನೆಯಲ್ಲಿ ನಡೆದದ್ದನ್ನು ಹಾಗೆಯೇ ಹೇಳಿದೆ. ‘ನಿಮಗೆ ಗೊತ್ತಿದೆ, ನನಗೆ ಗೊತ್ತಿದೆ. ನಾಳೆ ನನಗೆ ಏನಾದ್ರೂ ಆದ್ರೆ ನನ್ನ ಹೆಂಡ್ತಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದೀವಿ ಅನ್ನೋದೂ ಗೊತ್ತಿಲ್ಲ’ ಎಂದೆ. ಅವರಿಗೇನಾದರೂ ಆದರೆ ಎಂದು ಹೇಳುವುದು ಸರಿಯಾಗಿ ಕಾಣಲಿಲ್ಲ. ಅವರಿಗೆ ಅದು ತಾನಾಗಿಯೇ ಅರ್ಥವಾಯಿತು. ಎದ್ದು ಅಡುಗೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ತೆಗೆದುಕೊಂಡು ಬಂದರು. ಏಕಾದಶಿ, ಸಂಕಷ್ಟಿಗಳ ನಡುವೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಪ್ರತಿ ತಿಂಗಳ ಮೊದಲ ವಾರದ ಯಾವುದೋ ಒಂದು ಚೌಕದಲ್ಲಿ ನೀಲಿ ಪೆನ್ನಿನಿಂದ ‘ಮೇಲೆ 16’ ಎಂದು ಬರೆದಿತ್ತು. ಹಿಂದಿನ ವರ್ಷದ್ದು ಎಲ್ಲಿ ಎಂದು ಕೇಳಿದೆ. ಹೊಸ ಕ್ಯಾಲೆಂಡರ್ ಬಂದ ಮೇಲೆ ಹಳೆಯದನ್ನು ಕಪಾಟಿನ ಹಲಗೆಗೆ ಹಾಸಿದ್ದರಂತೆ. ಪಾತ್ರೆಗಳನ್ನು ಎತ್ತಿ ತೆಗೆದರೆ 2024ರ ಕೆಲವು ಹಾಳೆಗಳು ಸಿಕ್ಕವು, ಕೆಲವು ಎಣ್ಣೆಯಲ್ಲಿ ನೆನೆದುಹೋಗಿದ್ದವು.

ಆ ಹಾಳೆಗಳು ನನಗೆ ಬಹಳ ಉಪಯೋಗಕ್ಕೆ ಬಂದವು. ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದ ಕೆಲಸ ಎರಡೂ ಕಡೆಯ ಗುರುತುಗಳನ್ನು ಹೊಂದಿಸಿ ಒಂದೇ ಪಟ್ಟಿ ಮಾಡುವುದು. ನನ್ನ ಕಡೆಯಿಂದ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ, ಪ್ರತಿ ತಿಂಗಳ ಆರಂಭದಲ್ಲಿ ಎಟಿಎಂನಿಂದ ಹಣ ತೆಗೆದ ಸಾಲುಗಳನ್ನು ಗುರುತು ಮಾಡಿದೆ. ಹಣ ತೆಗೆದದ್ದರಿಂದಲೇ ಅದು ಬಾಡಿಗೆಗೆ ಹೋಯಿತೆಂದು ಸಾಬೀತಾಗುವುದಿಲ್ಲ, ಆದರೆ ಅವರ ಕ್ಯಾಲೆಂಡರಿನ ತಾರೀಕಿಗೆ ತಾಳೆಯಾದಾಗ ಇಬ್ಬರಿಗೂ ಸಮಾಧಾನವಾಗುತ್ತದೆ. ‘ಅಮ್ಮಾ ಊರಲ್ಲಿದೀನಿ, ಸೋಮವಾರ ಬಾಡಿಗೆ ಕೊಡ್ತೀನಿ’ ಎಂಬಂಥ ವಾಟ್ಸಾಪ್ ಸಂದೇಶಗಳು, ಅದಕ್ಕೆ ಅವರ ಉತ್ತರಗಳು ಕೆಲವು ತಿಂಗಳಿಗೆ ನೆರವಾದವು.

ಪಟ್ಟಿ ಹೀಗೆ ನಿಂತಿತು: 2023ರ ಏಪ್ರಿಲ್‌ನಿಂದ 2024ರ ಫೆಬ್ರುವರಿಯವರೆಗೆ ಹನ್ನೊಂದು ತಿಂಗಳು, ತಿಂಗಳಿಗೆ 15,000ದಂತೆ 1,65,000, ಕರಾರು ನವೀಕರಿಸಿದ ಮೇಲೆ 2024ರ ಮಾರ್ಚ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ಹತ್ತೊಂಬತ್ತು ತಿಂಗಳು, ತಿಂಗಳಿಗೆ 16,000ದಂತೆ 3,04,000, ಒಟ್ಟು 4,69,000. ಒಂದೇ ಒಂದು ತಿಂಗಳು ತಾಳೆಯಾಗಲಿಲ್ಲ. ಒಂದು ಜೂನ್‌ನಲ್ಲಿ ಅವರ ಕ್ಯಾಲೆಂಡರಿನಲ್ಲಿ 16ರ ಬದಲು ‘13,600’ ಎಂದಿತ್ತು. ಸ್ವಲ್ಪ ಯೋಚಿಸಿದ ಮೇಲೆ ನೆನಪಾಯಿತು: ಆ ತಿಂಗಳು ನೀರಿನ ಪೈಪ್ ಒಡೆದು, ಪ್ಲಂಬರ್‌ಗೆ ನಾನೇ 2,400 ಕೊಟ್ಟು, ಅವರ ಒಪ್ಪಿಗೆಯ ಮೇಲೆ ಅಷ್ಟನ್ನು ಬಾಡಿಗೆಯಲ್ಲಿ ಮುರಿದುಕೊಂಡಿದ್ದೆ. ಅವರಿಗೂ ನೆನಪಾಯಿತು. ಆದರೆ ಇನ್ನೆರಡು ವರ್ಷ ಕಳೆದು ಬೇರೆ ಯಾರಾದರೂ ಆ ಹಾಳೆಯನ್ನು ನೋಡಿದ್ದರೆ 2,400 ಬಾಕಿ ಎಂದೇ ಓದುತ್ತಿದ್ದರು. ದುರಸ್ತಿಗೆಂದು ಮುರಿದುಕೊಂಡ ಮೊತ್ತವನ್ನು ರಸೀದಿಯಲ್ಲಿ ಬೇರೆಯಾಗಿ ಕಾಣಿಸಲೇಬೇಕು. ಬಾಡಿಗೆ ತಗಾದೆಗಳು ಹುಟ್ಟುವುದು ಪೂರ್ತಿ ಕೊಡದ ತಿಂಗಳುಗಳಿಗಿಂತ ಇಂಥ ಅರೆಬರೆ ತಿಂಗಳುಗಳಲ್ಲೇ ಹೆಚ್ಚು ಎಂದು ನನಗನ್ನಿಸುತ್ತದೆ.

ಪತ್ರದಲ್ಲಿ ಏನಿತ್ತು

ಮೂವತ್ತು ತಿಂಗಳಿಗೆ ಮೂವತ್ತು ರಸೀದಿಗಳನ್ನು ಹಳೆಯ ತಾರೀಕು ಹಾಕಿ ಬರೆಸಿಕೊಳ್ಳುವುದು ಸುಲಭವೆಂದು ಪರಿಚಯದವರೊಬ್ಬರು ಹೇಳಿದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ದಿನ, ಒಂದೇ ಪೆನ್ನಿನಿಂದ ಬರೆದು ಹಿಂದಿನ ತಾರೀಕು ಹಾಕಿದ ಕಾಗದ ಸುಳ್ಳು ಕಾಗದ. ಅದು ಬಯಲಾದರೆ ನಿಜವಾಗಿ ಕೊಟ್ಟ ಹಣದ ಮೇಲೂ ಸಂಶಯ ಬರುತ್ತದೆ. ಇಂದಿನ ತಾರೀಕು ಹಾಕಿ ಹಿಂದಿನ ತಿಂಗಳುಗಳನ್ನು ಹೆಸರಿಸಿದ ಒಂದೇ ಸ್ವೀಕೃತಿ ಪತ್ರ ಅದಕ್ಕಿಂತ ಗಟ್ಟಿ. ನಾವು ಬರೆದದ್ದು ಇಷ್ಟು:

‘ಮೇಲ್ಕಂಡ ವಿಳಾಸದ ನನ್ನ ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆದಾರರಾಗಿರುವ ಇವರಿಂದ 2023ರ ಏಪ್ರಿಲ್ ತಿಂಗಳಿನಿಂದ 2025ರ ಸೆಪ್ಟೆಂಬರ್ ತಿಂಗಳಿನವರೆಗಿನ ಬಾಡಿಗೆ ಒಟ್ಟು 4,69,000 ರೂಪಾಯಿಗಳಲ್ಲಿ 4,66,600 ರೂಪಾಯಿಗಳನ್ನು ಕೆಳಗಿನ ಪಟ್ಟಿಯಂತೆ ಆಯಾ ತಿಂಗಳು ನಗದಾಗಿ ಪಡೆದಿರುತ್ತೇನೆ. ಉಳಿದ 2,400 ರೂಪಾಯಿಗಳನ್ನು ನನ್ನ ಒಪ್ಪಿಗೆಯ ಮೇರೆಗೆ ನೀರಿನ ಪೈಪ್ ದುರಸ್ತಿಗೆ ಹೊಂದಿಸಲಾಗಿದೆ. 2025ರ ಸೆಪ್ಟೆಂಬರ್ ಅಂತ್ಯದವರೆಗೆ ಬಾಡಿಗೆ ಬಾಕಿ ಇರುವುದಿಲ್ಲ. ಮುಂಗಡವಾಗಿ ಪಡೆದ 1,50,000 ರೂಪಾಯಿಗಳು ನನ್ನಲ್ಲಿ ಪೂರ್ತಿಯಾಗಿ ಇರುತ್ತವೆ.’

ಇದರಲ್ಲಿ ಕೊನೆಯ ಎರಡು ವಾಕ್ಯಗಳೇ ಮುಖ್ಯ. ಹಣ ಪಡೆದೆ ಎನ್ನುವುದು ಬೇರೆ, ಬಾಕಿ ಇಲ್ಲ ಎನ್ನುವುದು ಬೇರೆ. ಮೊದಲನೆಯದು ಮಾತ್ರ ಇದ್ದರೆ ಪಟ್ಟಿಯಲ್ಲಿ ಬಿಟ್ಟುಹೋದ ಯಾವುದೋ ಶುಲ್ಕದ ಪ್ರಶ್ನೆ ಮುಂದೆ ಏಳಬಹುದು. ಐದು ಸಾವಿರ ಮೀರಿದ ಮೊತ್ತದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಬೇಕು. ಅಂಚೆ ಕಚೇರಿಯಿಂದ ತಂದು ಅಂಟಿಸಿ, ಸಹಿ ಅದರ ಮೇಲಿಂದ ಕಾಗದದ ಮೇಲೂ ಹಾಯುವಂತೆ ಮಾಡಿಸಿದೆ. ಎರಡು ಪ್ರತಿ ಮಾಡಿ ಒಂದನ್ನು ಅವರಿಗೇ ಕೊಟ್ಟೆ, ಸಹಿಯಾದ ಪುಟದ ಫೋಟೋವನ್ನು ಅಂದೇ ಅವರ ವಾಟ್ಸಾಪಿಗೂ ಕಳಿಸಿದೆ. ಅವರ ಬಳಿ ಪ್ರತಿ ಇರುವುದು ಅವರ ಮಕ್ಕಳಿಗೂ ಒಳ್ಳೆಯದು. ನನ್ನಿಂದ ಎಷ್ಟು ಮುಂಗಡ ಬಂದಿದೆ, ನಾಳೆ ಎಷ್ಟು ವಾಪಸ್ ಕೊಡಬೇಕು ಎಂಬುದು ಅವರಿಗೂ ತಿಳಿದಿರಬೇಕಲ್ಲ.

ಬ್ಯಾಂಕು ಬೇಡವೆನ್ನಲು ಇದ್ದ ಕಾರಣಗಳು

ಬ್ಯಾಂಕಿನ ಮಾತಿಗೆ ಬಂದಾಗ ಅವರ ಮೊದಲ ಆತಂಕ ತೆರಿಗೆಯದು. ‘ಅಕೌಂಟಿಗೆ ಹಾಕಿದ್ರೆ ಟ್ಯಾಕ್ಸ್‌ನವರು ಹಿಡಿಯಲ್ವಾ?’ ಎಂದರು. ಬಾಡಿಗೆಯ ಆದಾಯ ನಗದಾಗಿ ಬಂದರೂ ಬ್ಯಾಂಕಿಗೆ ಬಂದರೂ ಆದಾಯವೇ, ತೆರಿಗೆಯ ನಿಯಮದಲ್ಲಿ ವ್ಯತ್ಯಾಸವಿಲ್ಲ ಎಂದು ಹೇಳಿ, ಅವರ ಮುಂದೆಯೇ ಲೆಕ್ಕ ಹಾಕಿದೆ. ತಿಂಗಳಿಗೆ 16,000 ಎಂದರೆ ವರ್ಷಕ್ಕೆ 1,92,000. ಅದರಲ್ಲಿ ಅವರು ಕಟ್ಟಿದ ಆಸ್ತಿ ತೆರಿಗೆ ಕಳೆಯುತ್ತದೆ. ಅದನ್ನು ಬಿಟ್ಟು ನೋಡಿದರೂ, ಬಿಲ್ಲುಗಳೇನೂ ಇಲ್ಲದೆ ಶೇಕಡಾ 30ರಷ್ಟನ್ನು ಕಳೆಯಲು ಕಾನೂನೇ ಅವಕಾಶ ಕೊಟ್ಟಿರುವುದರಿಂದ ಉಳಿಯುವುದು 1,34,400. ಅವರ ಕುಟುಂಬ ಪಿಂಚಣಿ ತಿಂಗಳಿಗೆ 20,000ದಂತೆ ವರ್ಷಕ್ಕೆ 2,40,000. ಎರಡೂ ಸೇರಿ 3,74,400. 2025-26ನೇ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ. ಠೇವಣಿಯ ಬಡ್ಡಿ ಸೇರಿ ನಾಲ್ಕು ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಬೇಕಾಗುತ್ತದೆ, ಆದರೆ ಇಂಥ ಆದಾಯ ಹನ್ನೆರಡು ಲಕ್ಷದೊಳಗಿದ್ದರೆ ರಿಯಾಯಿತಿಯಿಂದಾಗಿ ಕಟ್ಟಬೇಕಾದ ತೆರಿಗೆ ಸೊನ್ನೆಯಾಗುತ್ತದೆ. ನನ್ನ ಸಂಬಳ ಹೊಸ ಪದ್ಧತಿಯಲ್ಲಿರುವುದರಿಂದ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ನನಗೆ ಸಿಗುವುದಿಲ್ಲ, ಆದ್ದರಿಂದ ಅವರ ಪ್ಯಾನ್ ಸಂಖ್ಯೆಯೂ ನನಗೆ ಬೇಕಿಲ್ಲ ಎಂದೆ. ಹಳೆಯ ಪದ್ಧತಿಯಲ್ಲಿದ್ದು ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ವಿನಾಯಿತಿ ಕೇಳುವವರು ಮಾಲೀಕರ ಪ್ಯಾನ್ ಕೊಡಲೇಬೇಕು. ಅಂಥವರು ಅದನ್ನು ಮನೆಗೆ ಸೇರುವಾಗಲೇ ಮಾತಾಡಿಕೊಳ್ಳುವುದು ಒಳಿತು.

ಎರಡನೆಯ ಕಾರಣವನ್ನು ಅವರು ತಕ್ಷಣ ಹೇಳಲಿಲ್ಲ. ಮಗನ ನಂಬರಿಗೆ ಹಾಕಿಬಿಡು ಎಂದರು, ಮರುಕ್ಷಣವೇ ಬೇಡ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಪಿಂಚಣಿ ಬರುವ ಖಾತೆಯ ಎಟಿಎಂ ಕಾರ್ಡ್ ಮಗನ ಬಳಿಯೇ ಇದೆ, ಬಾಡಿಗೆಯ ಹಣ ಒಂದೇ ತಮ್ಮ ಕೈಗೆ ನೇರವಾಗಿ ಬರುವುದು ಎಂದರು. ಔಷಧಿಗೆ, ಮಗಳ ಮನೆಗೆ ಹೋಗುವಾಗ ಮೊಮ್ಮಕ್ಕಳಿಗೆ ಏನಾದರೂ ಒಯ್ಯಲು, ಯಾರನ್ನೂ ಕೇಳದೆ ಖರ್ಚು ಮಾಡಲು ಅವರಿಗೆ ಇರುವುದು ಆ ಹದಿನಾರು ಸಾವಿರ. ನನ್ನ ದಾಖಲೆಯ ಅನುಕೂಲಕ್ಕಾಗಿ ಅದನ್ನು ಅವರ ಕೈಯಿಂದ ತಪ್ಪಿಸುವುದು ಎಷ್ಟು ಸರಿ? ವಯಸ್ಸಾದ ಅನೇಕ ಮಾಲೀಕರು ನಗದೇ ಬೇಕೆನ್ನುವುದರ ಹಿಂದೆ ತೆರಿಗೆ ತಪ್ಪಿಸುವ ಆಸೆಯಿದೆ ಎಂದು ನಾವು ಸಲೀಸಾಗಿ ಮಾತಾಡುತ್ತೇವೆ. ಇಂಥ ಕಾರಣವೂ ಇರಬಹುದು ಎಂಬುದನ್ನು ಯೋಚಿಸುವುದಿಲ್ಲ.

ನಾನು ಎರಡು ದಾರಿಗಳನ್ನು ಅವರ ಮುಂದಿಟ್ಟೆ. ನಗದಾಗಿಯೇ ಕೊಡುತ್ತೇನೆ, ಪ್ರತಿ ತಿಂಗಳು ರಸೀದಿ ಪುಸ್ತಕದಲ್ಲಿ ಸಹಿ ಮಾಡಿಕೊಡಿ ಎಂಬುದು ಒಂದು. ಅವರೊಬ್ಬರ ಹೆಸರಿನಲ್ಲೇ ಬೇರೊಂದು ಉಳಿತಾಯ ಖಾತೆ ತೆರೆದು, ಚೆಕ್ ಪುಸ್ತಕ ಮತ್ತು ಪಾಸ್‌ಬುಕ್ ತಮ್ಮ ಬಳಿಯೇ ಇಟ್ಟುಕೊಳ್ಳುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಖೆಯಲ್ಲಿ ಖಾತೆಯಾಯಿತು, ನಾಮಿನಿಯಾಗಿ ಮಗಳ ಹೆಸರು ಬರೆಸಿದರು.

ವರ್ಗಾವಣೆಯಲ್ಲೂ ಬರೆಯಬೇಕಾದದ್ದು

ಬ್ಯಾಂಕಿನ ಮೂಲಕ ಕೊಟ್ಟರೆ ಎಲ್ಲವೂ ತಾನಾಗಿ ದಾಖಲಾಗುತ್ತದೆ ಎಂಬುದು ಅರ್ಧ ಸತ್ಯ. ಹಣ ಇಂಥ ದಿನ ಇಂಥ ಖಾತೆಗೆ ಹೋಯಿತೆಂದು ಬ್ಯಾಂಕ್ ಹೇಳುತ್ತದೆ. ಯಾವುದಕ್ಕೆ ಹೋಯಿತೆಂದು ನಾವೇ ಹೇಳಬೇಕು. ಆದ್ದರಿಂದ ಪ್ರತಿ ಸಲವೂ ರಿಮಾರ್ಕ್ಸ್ ಜಾಗದಲ್ಲಿ ತಿಂಗಳ ಹೆಸರನ್ನು ಬರೆಯುತ್ತೇನೆ: `RENT OCT 2025`. ದುರಸ್ತಿಗೆ ಮುರಿದುಕೊಂಡು ಕಡಿಮೆ ಕಳಿಸುವ ತಿಂಗಳು ಅದರ ವಿವರವನ್ನು ವಾಟ್ಸಾಪಿನಲ್ಲಿ ಬರೆದು ಅವರ ಒಪ್ಪಿಗೆ ಪಡೆದ ನಂತರವೇ ಕಳಿಸುತ್ತೇನೆ. ಮೊಬೈಲಿನ ಸ್ಕ್ರೀನ್‌ಶಾಟ್‌ಗಳನ್ನು ನೆಚ್ಚುವುದಿಲ್ಲ. ಫೋನ್ ಬದಲಾದರೆ ಅವು ಹೋಗುತ್ತವೆ, ಜೊತೆಗೆ ಅವನ್ನು ತಿದ್ದುವುದೂ ಸುಲಭ. ಆರು ತಿಂಗಳಿಗೊಮ್ಮೆ ಬ್ಯಾಂಕಿನ ಸ್ಟೇಟ್‌ಮೆಂಟ್ ಇಳಿಸಿ ಫೈಲಿನಲ್ಲಿ ಸೇರಿಸುತ್ತೇನೆ. ಮೊದಲ ಸಲ ಒಂದು ರೂಪಾಯಿ ಮಾತ್ರ ಕಳಿಸಿ, ಅವರ ಪಾಸ್‌ಬುಕ್ಕಿನಲ್ಲಿ ಅದು ಬಂದದ್ದನ್ನು ನೋಡಿದ ಮೇಲೆಯೇ ಉಳಿದದ್ದನ್ನು ಕಳಿಸಿದೆ. ಖಾತೆ ಸಂಖ್ಯೆಯ ಒಂದಂಕಿ ತಪ್ಪಿ ಬೇರೆಯವರಿಗೆ ಹೋದ ಹಣವನ್ನು ವಾಪಸ್ ತರಿಸುವುದು ದೊಡ್ಡ ಪಾಡು.

ಕರಾರುಪತ್ರದಲ್ಲಿ ಮಾಲೀಕರೆಂದು ಯಾರ ಹೆಸರಿದೆಯೋ ಅವರ ಖಾತೆಗೇ ಹಣ ಹೋಗಬೇಕೆಂಬುದನ್ನು ನಾನು ಬಿಟ್ಟುಕೊಡಲಿಲ್ಲ. ‘ಮಗನಿಗೆ ಹಾಕಿ’, ‘ಸೊಸೆಗೆ ಕಳಿಸಿ’ ಎಂಬ ಬಾಯಿಮಾತಿನ ಮೇಲೆ ಬೇರೆಯವರ ಖಾತೆಗೆ ಕಳಿಸಿದರೆ, ಅದು ಕೈಸಾಲವೋ ಬಾಡಿಗೆಯೋ ಎಂಬ ಪ್ರಶ್ನೆ ಬಂದಾಗ ಮತ್ತೆ ಅಕ್ಕನ ಡೈರಿಯ ಸ್ಥಿತಿಯೇ ಆಗುತ್ತದೆ. ಹಾಗೆ ಕಳಿಸಲೇಬೇಕಾದರೆ ಮಾಲೀಕರ ಸಹಿಯಿರುವ ಎರಡು ಸಾಲಿನ ಪತ್ರ ಮೊದಲು ಕೈಯಲ್ಲಿರಬೇಕು.

ಜನವರಿಯಲ್ಲಿ ಕರಾರು ನವೀಕರಿಸುವಾಗ ಇದನ್ನೆಲ್ಲ ಅದರಲ್ಲೇ ಸೇರಿಸಿದೆವು. ಬಾಡಿಗೆಯನ್ನು ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಅವರ ಹೊಸ ಖಾತೆಗೆ ಕಳಿಸುವುದು. ಯಾವುದಾದರೂ ತಿಂಗಳು ನಗದು ಕೊಟ್ಟರೆ ಸಹಿ ಮಾಡಿದ ರಸೀದಿಯ ಮೇಲೆ ಮಾತ್ರ ಕೊಡುವುದು. ಹಿಂದಿನ ಕರಾರಿನ 1,50,000 ಮುಂಗಡವೇ ಈ ಕರಾರಿಗೂ ಮುಂದುವರಿದಿದೆ ಎಂಬುದು. ಮನೆ ಖಾಲಿ ಮಾಡಿದ ದಿನ ಆ ಮೊತ್ತವನ್ನು ನನ್ನ ಖಾತೆಗೆ ವರ್ಗಾವಣೆಯಿಂದಲೇ ಹಿಂದಿರುಗಿಸುವುದು. ಟೈಪ್ ಮಾಡಿದ ಕರಡನ್ನು ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ತಮ್ಮ ಕಡೆಯಿಂದಲೂ ಒಂದು ಷರತ್ತು ಸೇರಿಸಬೇಕೆಂದರು: ಕಳಿಸಿದ ಹಣ ಯಾವುದೇ ಕಾರಣಕ್ಕೆ ಅವರ ಖಾತೆಗೆ ಸೇರದೆ ವಾಪಸಾದರೆ, ತಿಳಿಸಿದ ಮೂರು ದಿನಗಳೊಳಗೆ ನಾನು ಮತ್ತೆ ಕಳಿಸಬೇಕು. ಅದು ನ್ಯಾಯವಾದ ಮಾತು. ಕೊನೆಯ ಪುಟಕ್ಕೂ ಮೊದಲು ಅದನ್ನು ಏಳನೇ ಷರತ್ತಾಗಿ ಸೇರಿಸಿ ಇಬ್ಬರೂ ಸಹಿ ಮಾಡಿದೆವು.